ಎರಡು ಏರ್ ಪ್ಯೂರಿಫೈಯರ್‌ಗಳ ಹೋಲಿಕೆ: ‘ಇದು ಬೆಸ್ಟ್, ಅದು ಡಬ್ಬಾ’ ಎಂದು ಬರೆಯುವ ಮೊದಲು ನೋಡಬೇಕಾದ್ದೇನು?

ಪ್ರತಿ ವರ್ಷ ನವೆಂಬರ್ ಬಂತೆಂದರೆ ದೆಹಲಿಯ ಹೊಗೆಯ ಚಿತ್ರಗಳ ಜೊತೆಗೆ ಏರ್ ಪ್ಯೂರಿಫೈಯರ್‌ಗಳ ಕುರಿತ ಫಾರ್ವರ್ಡ್‌ಗಳೂ ನಮ್ಮ ಫೋನಿಗೆ ಬರಲು ಶುರುವಾಗುತ್ತವೆ. ಅವುಗಳಲ್ಲಿ ಹೆಚ್ಚಿನವು ಸಾಮಾನ್ಯವಾಗಿ ಹೀಗಿರುತ್ತವೆ: “ಯಾರೂ ಈ ಕಂಪನಿಯದ್ದು ತಗೋಬೇಡಿ, ಬರೀ ಫ್ಯಾನ್ ಇಟ್ಟು ಮೋಸ ಮಾಡ್ತಿದ್ದಾರೆ. ಅದೇ ದುಡ್ಡಿಗೆ ಆ ಕಂಪನಿಯದ್ದು ಸಾವಿರ ಚದರಡಿ ಕ್ಲೀನ್ ಮಾಡುತ್ತೆ. ವಿಡಿಯೋ ನೋಡಿ, ಎಲ್ಲರಿಗೂ ಕಳಿಸಿ.”

ಬರೆದವರ ಉದ್ದೇಶ ಒಳ್ಳೆಯದೇ ಇರಬಹುದು. ಮನೆಯಲ್ಲಿ ಉಬ್ಬಸ ಇರುವ ಮಗುವೋ ವಯಸ್ಸಾದವರೋ ಇರುವ ಕುಟುಂಬವೊಂದು ಇದನ್ನು ನಂಬಿ ಹತ್ತು ಸಾವಿರ ರೂಪಾಯಿ ಹಾಕುತ್ತದೆ. ಹಾಗಾದರೆ ಒಂದೇ ಬೆಲೆಯ ಆಸುಪಾಸಿನಲ್ಲಿರುವ ಎರಡು ಮಾಡೆಲ್‌ಗಳನ್ನು ಸರಿಯಾಗಿ ಹೋಲಿಸುವುದು ಹೇಗೆ? ಇನ್ನೊಂದು ಬ್ರ್ಯಾಂಡನ್ನು ಹೀಯಾಳಿಸದೆ ಅದನ್ನು ಬರೆಯುವುದು ಹೇಗೆ? ಈ ಎರಡು ಪ್ರಶ್ನೆಗಳಿಗೂ ಉತ್ತರ ಹೆಚ್ಚುಕಡಿಮೆ ಒಂದೇ: ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯುವುದು. ಹಾಗೆ ಅಳೆದ ಮೇಲೆ ಬೈಯಲು ಕಾರಣವೇ ಉಳಿಯುವುದಿಲ್ಲ ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಉದಾಹರಣೆಗೆ ಎರಡು ಮಾಡೆಲ್

ಇಲ್ಲಿರುವ ಎರಡು ಮಾಡೆಲ್‌ಗಳು ಲೆಕ್ಕ ತೋರಿಸಲು ನಾವೇ ಕಲ್ಪಿಸಿಕೊಂಡವು. ಆದರೆ ಇಂಥ ಅಂಕಿಗಳು ನಿಮಗೆ ಯಾವುದೇ ಅಂಗಡಿಯಲ್ಲಿ ಕಾಣಸಿಗುತ್ತವೆ.

ಎ ಮಾಡೆಲ್: ಬೆಲೆ 11,000 ರೂ. ಸಿಎಡಿಆರ್ ಗಂಟೆಗೆ 300 ಘನ ಮೀಟರ್. “36 ಚದರ ಮೀಟರ್‌ವರೆಗೆ”, ಅಂದರೆ ಸುಮಾರು 390 ಚದರಡಿ. ಹೊಸ ಫಿಲ್ಟರ್ ಬೆಲೆ 2,500 ರೂ., ಬಾಳಿಕೆ 12 ತಿಂಗಳು.

ಬಿ ಮಾಡೆಲ್: ಬೆಲೆ 9,500 ರೂ. ಸಿಎಡಿಆರ್ ಗಂಟೆಗೆ 330 ಘನ ಮೀಟರ್. “1,000 ಚದರಡಿವರೆಗೆ”. ಹೊಸ ಫಿಲ್ಟರ್ ಬೆಲೆ 2,000 ರೂ., ಬಾಳಿಕೆ 8 ತಿಂಗಳು.

ಮೇಲ್ನೋಟಕ್ಕೆ ಏನನ್ನಿಸುತ್ತದೆ? ಬಿ ಮಾಡೆಲ್ ಎರಡೂವರೆ ಪಟ್ಟು ದೊಡ್ಡ ಜಾಗ ಸ್ವಚ್ಛ ಮಾಡುತ್ತದೆ, ಬೆಲೆಯೂ ಕಡಿಮೆ, ಆದರೆ ಅದರ ಫಿಲ್ಟರ್ ಬೇಗ ಹಾಳಾಗುತ್ತದೆ. ಫಾರ್ವರ್ಡ್ ಬರೆಯುವವರು ಇಲ್ಲಿಗೇ ನಿಲ್ಲುತ್ತಾರೆ. ಒಬ್ಬರು “ಎ ಕಂಪನಿ ಲೂಟಿ ಮಾಡ್ತಿದೆ” ಎಂದು ಬರೆದರೆ, ಇನ್ನೊಬ್ಬರು “ಬಿ ಕಂಪನಿ ಫಿಲ್ಟರ್ ಕಳಪೆ” ಎಂದು ಬರೆಯುತ್ತಾರೆ. ಇಬ್ಬರ ಮಾತೂ ಈ ಅಂಕಿಗಳಿಂದ ಹೊರಡುವುದಿಲ್ಲ.

ಸಿಎಡಿಆರ್ ಅಂದರೆ ಏನು?

ಏರ್ ಪ್ಯೂರಿಫೈಯರ್ ಒಂದು ಗಂಟೆಯಲ್ಲಿ ಎಷ್ಟು ಶುದ್ಧ ಗಾಳಿಯನ್ನು ಕೋಣೆಗೆ ಕೊಡುತ್ತದೆ ಎಂಬುದೇ ಸಿಎಡಿಆರ್. ಇದು ಒಳಗಿರುವ ಫ್ಯಾನಿನ ಶಕ್ತಿ ಮತ್ತು ಫಿಲ್ಟರಿನ ಸಾಮರ್ಥ್ಯ ಎರಡನ್ನೂ ಸೇರಿಸಿದ ಅಳತೆ. ಫಿಲ್ಟರ್ ಎಷ್ಟೇ ಒಳ್ಳೆಯದಿದ್ದರೂ ಅದರ ಮೂಲಕ ಗಾಳಿ ಹಾಯದಿದ್ದರೆ ಪ್ರಯೋಜನವಿಲ್ಲ. ಫ್ಯಾನ್ ಎಷ್ಟೇ ಜೋರಾಗಿದ್ದರೂ ಫಿಲ್ಟರ್ ಸರಿಯಿಲ್ಲದಿದ್ದರೆ ಅದು ಗಾಳಿ ಬೀಸುವ ಯಂತ್ರ ಅಷ್ಟೇ.

ಇದನ್ನು ಅಳೆಯಲು ಮುಚ್ಚಿದ ಪರೀಕ್ಷಾ ಕೋಣೆಯಲ್ಲಿ ಹೊಗೆ ಅಥವಾ ಧೂಳಿನಂಥ ಕಣಗಳನ್ನು ತುಂಬಿಸುತ್ತಾರೆ. ಯಂತ್ರ ಹಾಕಿದಾಗ ಕಣಗಳು ಎಷ್ಟು ಬೇಗ ಇಳಿಯುತ್ತವೆ ಎಂದು ನೋಡುತ್ತಾರೆ. ಯಂತ್ರ ಇಲ್ಲದೆ ತಾವಾಗಿಯೇ ನೆಲಕ್ಕೆ, ಗೋಡೆಗೆ ಕೂರುವ ಕಣಗಳ ಲೆಕ್ಕವನ್ನು ಅದರಿಂದ ಕಳೆಯುತ್ತಾರೆ. ಅಮೆರಿಕದ ಗೃಹೋಪಕರಣ ತಯಾರಕರ ಸಂಘ ರೂಪಿಸಿದ ವಿಧಾನ ಒಂದು, ಚೀನಾದ ರಾಷ್ಟ್ರೀಯ ಮಾನದಂಡ ಇನ್ನೊಂದು. ಅಮೆರಿಕದಲ್ಲಿ ಇದನ್ನು ನಿಮಿಷಕ್ಕೆ ಇಷ್ಟು ಘನ ಅಡಿ ಎಂದು ಬರೆಯುತ್ತಾರೆ, ಭಾರತದಲ್ಲಿ ಮಾರಾಟವಾಗುವ ಹಲವು ಮಾಡೆಲ್‌ಗಳಲ್ಲಿ ಗಂಟೆಗೆ ಇಷ್ಟು ಘನ ಮೀಟರ್ ಎಂದು ಬರೆದಿರುತ್ತದೆ. ನಿಮಿಷಕ್ಕೆ 1 ಘನ ಅಡಿ ಎಂದರೆ ಗಂಟೆಗೆ ಸುಮಾರು 1.7 ಘನ ಮೀಟರ್. ಹೀಗಾಗಿ ಒಂದರ ಮೇಲೆ 200, ಇನ್ನೊಂದರ ಮೇಲೆ 340 ಎಂದಿದ್ದರೆ ಮೊದಲು ಏಕಮಾನ ನೋಡಿ. ಎರಡೂ ಒಂದೇ ಇರಬಹುದು.

390 ಚದರಡಿ ಮತ್ತು 1,000 ಚದರಡಿ: ಯಾರು ಸುಳ್ಳು ಹೇಳುತ್ತಿದ್ದಾರೆ?

ನಮ್ಮ ಉದಾಹರಣೆಯ ಮಟ್ಟಿಗೆ, ಯಾರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ.

“ಎಷ್ಟು ಚದರಡಿ” ಎಂಬ ಅಂಕಿಯನ್ನು ಯಂತ್ರದಿಂದ ನೇರವಾಗಿ ಅಳೆಯಲಾಗುವುದಿಲ್ಲ. ಸಿಎಡಿಆರ್ ತೆಗೆದುಕೊಂಡು, “ಗಂಟೆಗೆ ಎಷ್ಟು ಬಾರಿ ಕೋಣೆಯ ಅಷ್ಟೂ ಗಾಳಿ ಶುದ್ಧವಾಗಬೇಕು” ಎಂದು ಮೊದಲೇ ನಿರ್ಧರಿಸಿ, ಅದರಿಂದ ಲೆಕ್ಕ ಹಾಕುತ್ತಾರೆ. ಹೆಚ್ಚು ಬಾರಿ ಬೇಕೆಂದರೆ ಜಾಗ ಕಡಿಮೆಯಾಗುತ್ತದೆ, ಕಡಿಮೆ ಬಾರಿ ಸಾಕೆಂದರೆ ಜಾಗ ಹಿಗ್ಗುತ್ತದೆ.

ಎ ಮಾಡೆಲ್‌ನವರು ಚೀನಾ ಮಾನದಂಡದ ಸೂತ್ರ ಬಳಸಿದ್ದಾರೆ ಎಂದುಕೊಳ್ಳಿ. ಅದರ ಪ್ರಕಾರ ಸಿಎಡಿಆರ್ ಅನ್ನು 0.07ರಿಂದ 0.12ರವರೆಗಿನ ಅಂಕಿಯಿಂದ ಗುಣಿಸಿದರೆ ಚದರ ಮೀಟರ್ ಸಿಗುತ್ತದೆ. 300 ಅನ್ನು 0.12ರಿಂದ ಗುಣಿಸಿದರೆ 36. ಎಂಟು ಅಡಿ ಎತ್ತರದ ಕೋಣೆಯಲ್ಲಿ ಇದು ಗಂಟೆಗೆ ಸುಮಾರು ಮೂರೂವರೆ ಬಾರಿ ಗಾಳಿ ಶುದ್ಧವಾದಂತೆ. ಬಿ ಮಾಡೆಲ್‌ನವರ 1,000 ಚದರಡಿಯನ್ನು ಅದೇ ಎತ್ತರಕ್ಕೆ ಲೆಕ್ಕ ಹಾಕಿದರೆ ಸುಮಾರು 227 ಘನ ಮೀಟರ್ ಗಾಳಿ. 330 ಅನ್ನು 227ರಿಂದ ಭಾಗಿಸಿದರೆ ಗಂಟೆಗೆ ಸುಮಾರು ಒಂದೂವರೆ ಬಾರಿ ಮಾತ್ರ.

ಈಗ ಎರಡನ್ನೂ ಒಂದೇ ಅಳತೆಗೆ ತರೋಣ. ಅಮೆರಿಕದ ಸಂಘದ ಶಿಫಾರಸು ಗಂಟೆಗೆ 4.8 ಬಾರಿ. ನಮ್ಮ ಕಡೆಯ ಹಲವು ಮನೆಗಳಂತೆ ಹತ್ತಡಿ ಎತ್ತರದ ಕೋಣೆ ಎಂದಿಟ್ಟುಕೊಂಡರೆ, ಎ ಮಾಡೆಲ್‌ಗೆ ಸುಮಾರು 220 ಚದರಡಿ, ಬಿ ಮಾಡೆಲ್‌ಗೆ ಸುಮಾರು 240 ಚದರಡಿ. ಡಬ್ಬದ ಮೇಲೆ ಎರಡೂವರೆ ಪಟ್ಟು ಕಂಡ ವ್ಯತ್ಯಾಸ ನಿಜವಾಗಿ ಶೇ 10 ಮಾತ್ರ.

ಬೈಗುಳದ ಫಾರ್ವರ್ಡ್ ಹುಟ್ಟುವುದು ಬಹುಪಾಲು ಇಲ್ಲಿಯೇ. “ಸಾವಿರ ಚದರಡಿ” ಎಂದು ನಂಬಿ ಕೊಂಡವರು ಹಾಲ್‌ನಲ್ಲಿಟ್ಟು, ಧೂಳು ಕಡಿಮೆಯಾಗದಾಗ ಮೋಸ ಎನ್ನುತ್ತಾರೆ. ಯಂತ್ರ ತನ್ನ 330 ಘನ ಮೀಟರ್ ಕೊಡುತ್ತಲೇ ಇರುತ್ತದೆ, ಹಾಲ್ ಮಾತ್ರ ಅದಕ್ಕೆ ದೊಡ್ಡದು. ಪೋಸ್ಟ್ ಬರೆಯುವವರು “ಬಿ ಕಂಪನಿ ಸುಳ್ಳು ಹೇಳುತ್ತಿದೆ” ಎನ್ನುವ ಬದಲು “ಬಿ ಮಾಡೆಲ್‌ನ 1,000 ಚದರಡಿ ಎಂಬ ಅಂಕಿ ಗಂಟೆಗೆ ಒಂದೂವರೆ ಬಾರಿಯ ಲೆಕ್ಕದ್ದು, ಎ ಮಾಡೆಲ್‌ನ ಅಂಕಿ ಮೂರೂವರೆ ಬಾರಿಯದ್ದು” ಎಂದು ಬರೆದರೆ ಓದುಗರಿಗೆ ಹೆಚ್ಚು ಗೊತ್ತಾಗುತ್ತದೆ. ಯಾವ ಕಂಪನಿಯೂ ಅದನ್ನು ತಪ್ಪು ಎನ್ನಲಾರದು.

ಶೇ 10ರ ವ್ಯತ್ಯಾಸ ಮನೆಯಲ್ಲಿ ಗೊತ್ತಾಗುತ್ತದೆಯೇ?

ಹತ್ತಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತಡಿ ಎತ್ತರದ ಬೆಡ್‌ರೂಮ್ ತೆಗೆದುಕೊಳ್ಳಿ. ಇದರೊಳಗೆ 1,200 ಘನ ಅಡಿ, ಅಂದರೆ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಬಾಗಿಲು ಕಿಟಕಿ ಮುಚ್ಚಿ, ಗರಿಷ್ಠ ವೇಗದಲ್ಲಿ ಹಾಕಿದರೆ ಎ ಮಾಡೆಲ್ ಕಣಗಳ ಪ್ರಮಾಣವನ್ನು ಅರ್ಧಕ್ಕೆ ಇಳಿಸಲು ಸುಮಾರು 4.7 ನಿಮಿಷ ಬೇಕು. ಬಿ ಮಾಡೆಲ್‌ಗೆ ಸುಮಾರು 4.3 ನಿಮಿಷ. ವ್ಯತ್ಯಾಸ ಅರ್ಧ ನಿಮಿಷವೂ ಇಲ್ಲ.

ಬಾಗಿಲು ಒಂದು ಸಲ ತೆರೆದು ಮುಚ್ಚಿದರೆ, ಅಡುಗೆಮನೆಯಿಂದ ಒಗ್ಗರಣೆಯ ಹೊಗೆ ಬಂದರೆ, ಈ ವ್ಯತ್ಯಾಸ ಅದರಲ್ಲೇ ಕರಗಿಹೋಗುತ್ತದೆ. ಹೀಗಾಗಿ 300 ಮತ್ತು 330ರ ನಡುವೆ ಒಂದನ್ನು “ಪವರ್‌ಫುಲ್”, ಇನ್ನೊಂದನ್ನು “ವೇಸ್ಟ್” ಎಂದು ಕರೆದರೆ ಅದು ಹೀಯಾಳಿಕೆ ಮಾತ್ರವಲ್ಲ, ಲೆಕ್ಕದ ತಪ್ಪು ಕೂಡ. 150 ಮತ್ತು 330ರ ನಡುವೆ ಆದರೆ ಮಾತು ಬೇರೆ.

ಇಲ್ಲಿ ಇನ್ನೊಂದು ಮುಖ್ಯ ವಿಷಯವಿದೆ. ಡಬ್ಬದ ಮೇಲಿನ ಸಿಎಡಿಆರ್ ಗರಿಷ್ಠ ವೇಗದ್ದು. ರಾತ್ರಿ ಮಲಗುವಾಗ ಆ ಸದ್ದಿನಲ್ಲಿ ಯಾರೂ ಯಂತ್ರ ಹಾಕಿಕೊಳ್ಳುವುದಿಲ್ಲ. ವೇಗ ಇಳಿಸಿದಾಗ ಸಿಎಡಿಆರ್ ಕೂಡ ಇಳಿಯುತ್ತದೆ. ಆದ್ದರಿಂದ ಬೆಡ್‌ರೂಮಿಗೆ ಕೊಳ್ಳುವವರಿಗೆ ನಿಜವಾಗಿ ಬೇಕಾದ ಮಾಹಿತಿ, ಮಲಗಲು ತೊಂದರೆಯಾಗದ ವೇಗದಲ್ಲಿ ಯಾವ ಮಾಡೆಲ್ ಎಷ್ಟು ಕೆಲಸ ಮಾಡುತ್ತದೆ ಎಂಬುದು. ಅದು ಡಬ್ಬದ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ, ಬಳಸಿದವರ ಅನುಭವದಿಂದಲೇ ತಿಳಿಯಬೇಕು.

ಸದ್ದಿನ ಡೆಸಿಬೆಲ್ ಅಂಕಿಯನ್ನು ಹೋಲಿಸುವಾಗಲೂ ಜಾಗ್ರತೆ ಬೇಕು. ಯಂತ್ರ ಹೊರಸೂಸುವ ಒಟ್ಟು ಶಬ್ದ ಒಂದು ಅಳತೆ, ಒಂದು ಮೀಟರ್ ದೂರದಲ್ಲಿ ಕಿವಿಗೆ ಕೇಳುವ ಶಬ್ದ ಇನ್ನೊಂದು ಅಳತೆ. ಒಂದೇ ಯಂತ್ರಕ್ಕೆ ಮೊದಲನೆಯದು ಎರಡನೆಯದಕ್ಕಿಂತ ಸುಮಾರು 8 ಡೆಸಿಬೆಲ್‌ನಷ್ಟು ಅಥವಾ ಅದಕ್ಕಿಂತ ಹೆಚ್ಚು ಬರಬಹುದು. ಒಬ್ಬರು ಒಂದನ್ನು, ಇನ್ನೊಬ್ಬರು ಮತ್ತೊಂದನ್ನು ಬರೆದಿದ್ದರೆ ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವುದೇ ತಪ್ಪು.

ಫಿಲ್ಟರ್ ಖರ್ಚು: ಎರಡು ಸಲ ತಿರುಗಿ ಬೀಳುವ ಲೆಕ್ಕ

ಈಗ ದುಡ್ಡಿನ ವಿಷಯಕ್ಕೆ ಬರೋಣ. ಮೂರು ವರ್ಷ ಬಳಸುತ್ತೇವೆ ಎಂದಿಟ್ಟುಕೊಳ್ಳಿ. ಮೊದಲ ಫಿಲ್ಟರ್ ಯಂತ್ರದ ಜೊತೆಗೇ ಬರುತ್ತದೆ.

ಕೊಳ್ಳುವ ಬೆಲೆ ಮಾತ್ರ ನೋಡಿದರೆ ಬಿ ಮಾಡೆಲ್ 1,500 ರೂ. ಅಗ್ಗ. ಡಬ್ಬದ ಮೇಲಿನ ತಿಂಗಳ ಲೆಕ್ಕ ಹಿಡಿದರೆ ಎ ಮಾಡೆಲ್‌ಗೆ 12 ಮತ್ತು 24ನೇ ತಿಂಗಳಲ್ಲಿ ಎರಡು ಫಿಲ್ಟರ್ ಬೇಕು: 11,000ಕ್ಕೆ 5,000 ಸೇರಿ 16,000 ರೂ. ಬಿ ಮಾಡೆಲ್‌ಗೆ 8, 16, 24, 32ನೇ ತಿಂಗಳಲ್ಲಿ ನಾಲ್ಕು ಫಿಲ್ಟರ್: 9,500ಕ್ಕೆ 8,000 ಸೇರಿ 17,500 ರೂ. ಈಗ ಬಿ ಮಾಡೆಲ್ ದುಬಾರಿಯಾಯಿತು. “ಅಗ್ಗ ಎಂದು ತೋರಿಸಿ ಫಿಲ್ಟರ್‌ನಲ್ಲಿ ಸುಲಿಗೆ” ಎಂಬ ಫಾರ್ವರ್ಡ್ ಬರೆಯಲು ಇಷ್ಟು ಸಾಕು.

ಆದರೆ ಕೈಪಿಡಿಯಲ್ಲಿರುವ ಸಣ್ಣ ಅಕ್ಷರ ಓದಿ ನೋಡಿದರೆ, ಎ ಕಂಪನಿ “ದಿನಕ್ಕೆ 8 ಗಂಟೆ ಬಳಸಿದರೆ 12 ತಿಂಗಳು” ಎಂದಿದೆ, ಬಿ ಕಂಪನಿ “ದಿನಕ್ಕೆ 12 ಗಂಟೆ ಬಳಸಿದರೆ 8 ತಿಂಗಳು” ಎಂದಿದೆ ಎಂದುಕೊಳ್ಳಿ. 365 ದಿನ, ದಿನಕ್ಕೆ 8 ಗಂಟೆ ಎಂದರೆ 2,920 ಗಂಟೆ. ಎಂಟು ತಿಂಗಳ 243 ದಿನ, ದಿನಕ್ಕೆ 12 ಗಂಟೆ ಎಂದರೆ 2,916 ಗಂಟೆ. ಎರಡೂ ಫಿಲ್ಟರ್‌ಗಳ ಬಾಳಿಕೆ ಒಂದೇ! ನೀವು ರಾತ್ರಿ 8 ಗಂಟೆ ಮಾತ್ರ ಹಾಕುವವರಾದರೆ ಬಿ ಮಾಡೆಲ್‌ಗೂ ಮೂರು ವರ್ಷದಲ್ಲಿ ಎರಡೇ ಫಿಲ್ಟರ್ ಸಾಕು: 9,500ಕ್ಕೆ 4,000 ಸೇರಿ 13,500 ರೂ. ದುಬಾರಿ ಎನಿಸಿದ ಮಾಡೆಲ್ ಈಗ 2,500 ರೂ. ಅಗ್ಗ.

ಕಂಪನಿಗಳು ಹೇಳಿದ ಅಂಕಿಗಳು ಬದಲಾಗಲಿಲ್ಲ. ನಾವು ಕೇಳಿದ ಪ್ರಶ್ನೆ ಬದಲಾಯಿತು ಅಷ್ಟೇ. ಹಾಗಾಗಿ ಫಿಲ್ಟರ್ ಬಾಳಿಕೆಯನ್ನು ಯಾವಾಗಲೂ ಗಂಟೆಗೆ ಪರಿವರ್ತಿಸಿ ಬರೆಯಿರಿ. ಜೊತೆಗೆ ಒಂದು ಮಿತಿಯನ್ನೂ ಹೇಳಿ: ರಸ್ತೆ ಬದಿಯ ಮನೆ, ಪಕ್ಕದಲ್ಲಿ ಕಟ್ಟಡ ಕಾಮಗಾರಿ ಇರುವ ಮನೆ ಅಥವಾ ದಿನಾ ಅಗರಬತ್ತಿ, ಸಾಂಬ್ರಾಣಿ ಹಚ್ಚುವ ಮನೆಯಲ್ಲಿ ಎರಡೂ ಫಿಲ್ಟರ್‌ಗಳು ಹೇಳಿದ್ದಕ್ಕಿಂತ ಬೇಗ ಕಟ್ಟಿಕೊಳ್ಳುತ್ತವೆ. ಫಿಲ್ಟರ್ ತುಂಬಿದಂತೆ ಗಾಳಿಯ ಹರಿವು ಇಳಿಯುತ್ತದೆ, ಆಗ ಸಿಎಡಿಆರ್ ಕೂಡ ಡಬ್ಬದ ಮೇಲಿದ್ದಷ್ಟು ಇರುವುದಿಲ್ಲ.

99.97 ಮತ್ತು 99.99: ಪಾಯಿಂಟ್ ಸೊನ್ನೆ ಎರಡರ ಜಗಳ

“ಇದರಲ್ಲಿ 99.99 ಇದೆ, ಅದರಲ್ಲಿ 99.97 ಮಾತ್ರ” ಎಂಬುದು ಇನ್ನೊಂದು ಸಾಮಾನ್ಯ ಹೋಲಿಕೆ. ಶೇಕಡಾವಾರು ಅಂಕಿಗೆ ಅರ್ಥ ಬರುವುದು ಯಾವ ಗಾತ್ರದ ಕಣ ಎಂದು ಹೇಳಿದಾಗ ಮಾತ್ರ. ಹೆಪಾ ಫಿಲ್ಟರ್‌ನ ಅಮೆರಿಕದ ವ್ಯಾಖ್ಯಾನ 0.3 ಮೈಕ್ರಾನ್ ಕಣಗಳಲ್ಲಿ ಕನಿಷ್ಠ ಶೇ 99.97ರಷ್ಟನ್ನು ಹಿಡಿಯಬೇಕು ಎನ್ನುತ್ತದೆ. ಈ ಗಾತ್ರವನ್ನೇ ಆರಿಸಿಕೊಂಡಿದ್ದು ಫಿಲ್ಟರಿಗೆ ಹಿಡಿಯಲು ಅತಿ ಕಷ್ಟವಾದ ಕಣಗಳು ಸರಿಸುಮಾರು ಇಷ್ಟೇ ಇರುತ್ತವೆ ಎಂಬ ಕಾರಣಕ್ಕೆ. ದೊಡ್ಡ ಕಣಗಳು ನಾರಿಗೆ ಡಿಕ್ಕಿ ಹೊಡೆದು ಸಿಕ್ಕಿಕೊಳ್ಳುತ್ತವೆ. ತೀರಾ ಸಣ್ಣ ಕಣಗಳು ಗಾಳಿಯ ಅಣುಗಳ ತಳ್ಳಾಟಕ್ಕೆ ಸಿಕ್ಕಿ ಅಡ್ಡಾದಿಡ್ಡಿ ಓಡಾಡುತ್ತಾ ನಾರಿಗೆ ಅಂಟಿಕೊಳ್ಳುತ್ತವೆ. ನಡುವಿನ ಗಾತ್ರದವೇ ನುಸುಳಿಕೊಳ್ಳುವುದು.

ಹೀಗಾಗಿ 0.1 ಮೈಕ್ರಾನ್‌ನಲ್ಲಿ ಶೇ 99.99 ಎಂಬುದು 0.3 ಮೈಕ್ರಾನ್‌ನಲ್ಲಿ ಶೇ 99.97 ಎಂಬುದಕ್ಕಿಂತ ಮೇಲು ಎಂದು ಹೇಳಲಾಗದು. ಅಲ್ಲದೆ ಇದು ಫಿಲ್ಟರ್ ಮೂಲಕ ಹಾದ ಗಾಳಿಯ ಲೆಕ್ಕ, ಕೋಣೆಯ ಗಾಳಿಯದ್ದಲ್ಲ. ಕೋಣೆಯ ಗಾಳಿ ಫಿಲ್ಟರ್ ಮೂಲಕ ಮತ್ತೆ ಮತ್ತೆ ಹಾಯುವುದರಿಂದ, ಪಾಯಿಂಟ್ ಸೊನ್ನೆ ಎರಡರ ಈ ವ್ಯತ್ಯಾಸಕ್ಕಿಂತ ಎಷ್ಟು ಗಾಳಿ ಹಾಯುತ್ತದೆ ಎಂಬುದೇ ದೊಡ್ಡದು. ಎರಡೂ ಮಾಡೆಲ್‌ಗಳಲ್ಲಿ ನಿಜವಾದ ಹೆಪಾ ಇದ್ದರೆ ಪೋಸ್ಟ್‌ನಲ್ಲಿ “ಈ ವಿಷಯದಲ್ಲಿ ಎರಡೂ ಸಮ” ಎಂದು ಒಂದು ಸಾಲು ಬರೆದು ಮುಂದೆ ಹೋಗಬಹುದು.

ಗಾಜಿನ ಪೆಟ್ಟಿಗೆಯ ಹೊಗೆ ವಿಡಿಯೋ ಏನು ಹೇಳುತ್ತದೆ?

ಹೆಚ್ಚು ಹಂಚಿಕೆಯಾಗುವ ‘ಸಾಕ್ಷಿ’ ಇದು. ಗಾಜಿನ ಪೆಟ್ಟಿಗೆಯೊಳಗೆ ಯಂತ್ರವಿಟ್ಟು, ಅಗರಬತ್ತಿ ಹೊಗೆ ತುಂಬಿಸಿ, ಸ್ವಿಚ್ ಹಾಕುತ್ತಾರೆ. ಕ್ಷಣದಲ್ಲಿ ಹೊಗೆ ಮಾಯ. ಆದರೆ 60 ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಪೆಟ್ಟಿಗೆಯಲ್ಲಿ ಇರುವುದು 0.2 ಘನ ಮೀಟರ್‌ನಷ್ಟು ಗಾಳಿ ಮಾತ್ರ. ನಮ್ಮ ಬೆಡ್‌ರೂಮ್ ಅದಕ್ಕಿಂತ ಸುಮಾರು 160 ಪಟ್ಟು ದೊಡ್ಡದು. ಗಂಟೆಗೆ 100 ಘನ ಮೀಟರ್‌ನ ಪುಟ್ಟ ಯಂತ್ರವೂ ಆ ಪೆಟ್ಟಿಗೆಯಷ್ಟು ಗಾಳಿಯನ್ನು ಎಂಟು ಸೆಕೆಂಡಿನಲ್ಲಿ ಶುದ್ಧ ಮಾಡುತ್ತದೆ. ಇಂಥ ಪೆಟ್ಟಿಗೆಯಲ್ಲಿ ಯಾವ ಯಂತ್ರವನ್ನಿಟ್ಟರೂ ಅದು ಗೆದ್ದಂತೆಯೇ ಕಾಣುತ್ತದೆ. ಎರಡು ಮಾಡೆಲ್‌ಗಳ ನಡುವೆ ಯಾವುದು ಮೇಲು ಎಂದು ಇದರಿಂದ ತಿಳಿಯುವುದಿಲ್ಲ.

ಯಂತ್ರದ ಮೇಲಿನ ಪರದೆ ತೋರಿಸುವ ಪಿಎಂ 2.5 ಅಂಕಿಯೂ ಹೋಲಿಕೆಗೆ ಸಾಲದು. ಪ್ರತಿ ಯಂತ್ರದ ಸೆನ್ಸರ್ ಬೇರೆ, ಅದು ಅಳೆಯುವುದು ತನ್ನ ಅಕ್ಕಪಕ್ಕದ ಗಾಳಿಯನ್ನು. ಎ ಮಾಡೆಲ್ 12 ತೋರಿಸಿ ಬಿ ಮಾಡೆಲ್ 25 ತೋರಿಸಿದರೆ ವ್ಯತ್ಯಾಸ ಗಾಳಿಯದ್ದೋ ಸೆನ್ಸರಿನದ್ದೋ ಹೇಳಲಾಗದು.

ನೀವೇ ಪರೀಕ್ಷಿಸಿ ಬರೆಯುವುದಾದರೆ ಹೀಗೆ ಮಾಡಬಹುದು. ಒಂದೇ ಕೋಣೆ, ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ಎರಡು ಸಲವೂ ಒಂದೇ ವೇಗದಲ್ಲಿರಲಿ. ಪ್ರತ್ಯೇಕವಾದ ಒಂದೇ ಪಿಎಂ 2.5 ಮೀಟರನ್ನು ಎರಡಕ್ಕೂ ಬಳಸಿ, ಯಂತ್ರದಿಂದ ದೂರದಲ್ಲಿ, ಒಂದೇ ಜಾಗದಲ್ಲಿಡಿ. ಅಗರಬತ್ತಿಯಿಂದ ಅಂಕಿ ಏರಿಸಿ, ಆರಿಸಿ, ಒಂದೇ ಅಂಕಿಯಿಂದ, ಉದಾಹರಣೆಗೆ 200ರಿಂದ, ಎಣಿಕೆ ಶುರುಮಾಡಿ 100ಕ್ಕೆ ಇಳಿಯಲು ಹಿಡಿದ ಸಮಯ ಬರೆದುಕೊಳ್ಳಿ. ಮೊದಲು ಯಾವ ಯಂತ್ರವೂ ಇಲ್ಲದೆ ಒಮ್ಮೆ ಮಾಡಿ, ತಾನಾಗಿಯೇ ಇಳಿಯುವ ವೇಗ ಅದರಿಂದ ತಿಳಿಯುತ್ತದೆ. ನಂತರ ಒಂದೊಂದು ಯಂತ್ರವನ್ನೂ ಕನಿಷ್ಠ ಮೂರು ಸಲ ಪರೀಕ್ಷಿಸಿ. ಒಂದೇ ಯಂತ್ರದ ಮೂರು ಅಂಕಿಗಳ ನಡುವಿನ ವ್ಯತ್ಯಾಸವೇ ಎರಡು ಯಂತ್ರಗಳ ನಡುವಿನದ್ದಕ್ಕಿಂತ ಹೆಚ್ಚಾಗಿದ್ದರೆ, “ನನ್ನ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ” ಎಂಬುದೇ ನಿಮ್ಮ ಫಲಿತಾಂಶ.

ಹೋಲಿಕೆ ಎಲ್ಲಿ ಮುಗಿದು ಹೀಯಾಳಿಕೆ ಎಲ್ಲಿ ಶುರುವಾಗುತ್ತದೆ?

ಭಾರತದಲ್ಲಿ ಹೋಲಿಕೆ ತಪ್ಪಲ್ಲ. ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಸಂಸ್ಥೆಯಾದ ಎಎಸ್‌ಸಿಐ ತನ್ನ ಸಂಹಿತೆಯಲ್ಲಿ ಪ್ರತಿಸ್ಪರ್ಧಿಯ ಹೆಸರು ಹೇಳಿ ಹೋಲಿಸುವುದಕ್ಕೂ ಅವಕಾಶ ಕೊಟ್ಟಿದೆ. ಷರತ್ತುಗಳು ಇಷ್ಟು: ಯಾವ ಅಂಶವನ್ನು ಹೋಲಿಸುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರಬೇಕು, ತಮಗೆ ಲಾಭವಾಗುವ ಅಂಶವನ್ನೇ ಹೆಕ್ಕಿ ಕೃತಕ ಮೇಲುಗೈ ತೋರಿಸಬಾರದು, ಹೇಳಿದ್ದಕ್ಕೆ ಆಧಾರವಿರಬೇಕು, ಗ್ರಾಹಕರ ದಾರಿ ತಪ್ಪಿಸಬಾರದು, ಇನ್ನೊಂದು ಉತ್ಪನ್ನವನ್ನು ಅನ್ಯಾಯವಾಗಿ ಕೀಳುಗಳೆಯಬಾರದು. ಸಾವಿರ ಚದರಡಿಯನ್ನು 390 ಚದರಡಿಯ ಪಕ್ಕ ಇಟ್ಟು ತೋರಿಸುವುದು ಇವುಗಳಲ್ಲಿ ಎರಡನೇ ಷರತ್ತನ್ನೇ ಮುರಿಯುತ್ತದೆ.

“ಹೆಸರು ಹೇಳದಿದ್ದರೆ ಸಾಕು” ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಬಟ್ಟೆಗೆ ಹಾಕುವ ನೀಲಿಯ ಜಾಹೀರಾತೊಂದರ ವಿರುದ್ಧ ರಾಬಿನ್ ಬ್ಲೂ ತಯಾರಕರು 1990ರ ದಶಕದ ಕೊನೆಯಲ್ಲಿ ಕಲ್ಕತ್ತಾ ಹೈಕೋರ್ಟಿಗೆ ಹೋಗಿದ್ದರು. ಜಾಹೀರಾತಿನಲ್ಲಿ ತೋರಿಸಿದ ಬಾಟಲಿಯಿಂದಲೇ ಅದು ಯಾರ ಉತ್ಪನ್ನ ಎಂಬುದು ಗೊತ್ತಾಗುತ್ತಿತ್ತು. ಆ ಪ್ರಕರಣದಲ್ಲಿ ಕೋರ್ಟ್ ಹೇಳಿದ ತತ್ವವನ್ನು ಈಗಲೂ ಉಲ್ಲೇಖಿಸುತ್ತಾರೆ: ವ್ಯಾಪಾರಿ ತನ್ನ ಸರಕು ಉತ್ತಮ ಎನ್ನಬಹುದು, ಬೇರೆಯವರದ್ದಕ್ಕಿಂತ ಉತ್ತಮ ಎನ್ನಬಹುದು, ಹೋಲಿಸಲೂಬಹುದು. ಆದರೆ ಬೇರೆಯವರ ಸರಕು ಕೆಟ್ಟದು ಎನ್ನುವಂತಿಲ್ಲ.

ಇದು ವ್ಯಾಪಾರಿಗಳ ಮಾತಾಯಿತು. ಯೂಟ್ಯೂಬ್, ಇನ್‌ಸ್ಟಾಗ್ರಾಂನಲ್ಲಿ ಬರೆಯುವವರ ಕತೆ? 2019ರಲ್ಲಿ ಪ್ಯಾರಾಚೂಟ್ ತೆಂಗಿನೆಣ್ಣೆ ಕುರಿತ ಒಬ್ಬ ಯೂಟ್ಯೂಬರ್‌ನ ವಿಡಿಯೋ ವಿರುದ್ಧ ಮಾರಿಕೋ ಕಂಪನಿ ಬಾಂಬೆ ಹೈಕೋರ್ಟಿನಲ್ಲಿ ದಾವೆ ಹೂಡಿತ್ತು. ಏಕಸದಸ್ಯ ಪೀಠ ವಿಡಿಯೋ ತೆಗೆಯಲು ಹೇಳಿತು. ದೊಡ್ಡ ಹಿಂಬಾಲಕರ ಬಳಗ ಇರುವವರಿಗೆ ಸಾಮಾನ್ಯ ಗ್ರಾಹಕರಿಗಿಂತ ಹೆಚ್ಚಿನ ಹೊಣೆ ಇದೆ ಎಂದೂ ಹೇಳಿತು. ನಂತರ ವಿಭಾಗೀಯ ಪೀಠ ಕೆಲವು ಬದಲಾವಣೆಗಳೊಂದಿಗೆ ವಿಡಿಯೋ ಹಾಕಲು ಅವಕಾಶ ಕೊಟ್ಟಿತು. ವಿಮರ್ಶೆಗೆ ಜಾಗವಿದೆ, ಆದರೆ ಪರೀಕ್ಷೆ ಮತ್ತು ಮಾತು ಎರಡೂ ಪ್ರಶ್ನೆಗೆ ಒಳಪಡಬಹುದು ಎಂಬುದನ್ನು ಇದರಿಂದ ತಿಳಿಯಬಹುದು.

ಕಂಪನಿಯಿಂದ ಉಚಿತವಾಗಿ ಯಂತ್ರ ಸಿಕ್ಕಿದ್ದರೆ ಅಥವಾ ನೀವು ಕೊಟ್ಟ ಲಿಂಕ್‌ನಿಂದ ಯಾರಾದರೂ ಕೊಂಡರೆ ನಿಮಗೆ ಕಮಿಷನ್ ಬರುವುದಾದರೆ, ಅದನ್ನು ಪೋಸ್ಟ್‌ನಲ್ಲೇ ಎದ್ದು ಕಾಣುವಂತೆ ಹೇಳಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಇಂಥ ಸಂಬಂಧವನ್ನು ತಿಳಿಸಬೇಕು ಎಂದಿದೆ.

ಕೊಂಡು ಬಳಸಿದ ಸಾಮಾನ್ಯ ಗ್ರಾಹಕರು ತಮಗಾದ ತೊಂದರೆ ಹೇಳಬಾರದು ಎಂದು ಇದರ ಅರ್ಥವಲ್ಲ. “ನಾನು ಕೊಂಡ ಯಂತ್ರದ ಮೋಟಾರ್ ಐದನೇ ತಿಂಗಳಲ್ಲಿ ನಿಂತಿತು, ಸರ್ವಿಸ್‌ನವರು ಬರಲು ಎರಡು ವಾರವಾಯಿತು” ಎಂಬುದು ನಡೆದ ಸಂಗತಿ. “ಈ ಕಂಪನಿಯ ಎಲ್ಲಾ ಮೋಟಾರ್‌ಗಳೂ ಕಳಪೆ” ಎಂಬುದು ಒಂದು ಯಂತ್ರದಿಂದ ಲಕ್ಷ ಯಂತ್ರಗಳಿಗೆ ಹಾರಿದ ತೀರ್ಪು. ಮೊದಲನೆಯದಕ್ಕೆ ಬಿಲ್ಲು, ದೂರಿನ ಸಂಖ್ಯೆ ಸಾಕ್ಷಿಯಾಗುತ್ತವೆ. ಎರಡನೆಯದಕ್ಕೆ ನಿಮ್ಮ ಬಳಿ ಏನೂ ಇರುವುದಿಲ್ಲ.

ಅದೇ ಫಾರ್ವರ್ಡ್ ಅನ್ನು ಹೀಗೆ ಬರೆಯಬಹುದು

“ಎ ಮತ್ತು ಬಿ ಎರಡರಲ್ಲೂ ಹೆಪಾ ಫಿಲ್ಟರ್ ಇದೆ. ಸಿಎಡಿಆರ್ ಕ್ರಮವಾಗಿ 300 ಮತ್ತು 330. ಗಂಟೆಗೆ 4.8 ಬಾರಿ, ಹತ್ತಡಿ ಎತ್ತರದ ಲೆಕ್ಕದಲ್ಲಿ ಎರಡೂ 220ರಿಂದ 240 ಚದರಡಿಯ ಕೋಣೆಗೆ ಸರಿ. 120 ಚದರಡಿ ಬೆಡ್‌ರೂಮಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ದೊಡ್ಡ ಹಾಲ್‌ಗೆ ಎರಡೂ ಸಾಲವು. ದಿನಕ್ಕೆ 8 ಗಂಟೆ ಬಳಸಿದರೆ ಮೂರು ವರ್ಷಕ್ಕೆ ಫಿಲ್ಟರ್ ಸೇರಿ ಎ ಮಾಡೆಲ್‌ಗೆ 16,000, ಬಿ ಮಾಡೆಲ್‌ಗೆ 13,500 ರೂ. ಬೆಲೆ ಇಂದು ಆನ್‌ಲೈನ್‌ನಲ್ಲಿ ನೋಡಿದ್ದು. ರಾತ್ರಿ ಸದ್ದು ಎಷ್ಟು ಎಂದು ನಾನು ಅಳೆದಿಲ್ಲ. ಸರ್ವಿಸ್ ಸೆಂಟರ್ ನಿಮ್ಮ ಊರಿನಲ್ಲಿ ಯಾವುದರದ್ದು ಇದೆ ನೋಡಿಕೊಳ್ಳಿ. ಎರಡನ್ನೂ ನಾನು ದುಡ್ಡು ಕೊಟ್ಟೇ ಕೊಂಡಿದ್ದು.”

ಇದರಲ್ಲಿ ಒಂದೂ ಬೈಗುಳವಿಲ್ಲ, ಆದರೆ ಓದಿದವರು ತಮ್ಮ ಕೋಣೆಗೆ, ತಮ್ಮ ಬಜೆಟ್‌ಗೆ ಯಾವುದು ಎಂದು ತಾವೇ ನಿರ್ಧರಿಸಬಹುದು. ಹಾಸನದಲ್ಲಿರುವವರಿಗೆ ಎ ಮಾಡೆಲ್‌ನ ಸರ್ವಿಸ್ ಸೆಂಟರ್ ಹತ್ತಿರವಿದ್ದರೆ, 2,500 ರೂ. ಹೆಚ್ಚಾದರೂ ಅದೇ ಒಳ್ಳೆಯ ಆಯ್ಕೆಯಾಗಬಹುದು. ಬೆಂಗಳೂರಿನಲ್ಲಿ ಎರಡೂ ಸಿಗುವವರು ಬಿ ಮಾಡೆಲ್ ಕೊಳ್ಳಬಹುದು. ಎರಡೂ ನಿರ್ಧಾರಗಳು ಅದೇ ಪೋಸ್ಟ್‌ನಿಂದಲೇ ಹೊರಡುತ್ತವೆ.

ಫಾರ್ವರ್ಡ್ ಮಾಡುವ ಮೊದಲು

ಏರ್ ಪ್ಯೂರಿಫೈಯರ್ ಹೋಲಿಕೆಯ ಸಂದೇಶ ಬಂದಾಗ ನಾಲ್ಕು ವಿಷಯ ನೋಡಿ. ಚದರಡಿಯ ಜೊತೆಗೆ ಸಿಎಡಿಆರ್ ಇದೆಯೇ? ಫಿಲ್ಟರ್ ಬಾಳಿಕೆ ಗಂಟೆಯಲ್ಲಿದೆಯೇ, ಅಥವಾ ತಿಂಗಳಿದ್ದರೆ ದಿನಕ್ಕೆ ಎಷ್ಟು ಗಂಟೆ ಎಂದು ಹೇಳಿದೆಯೇ? ಎರಡೂ ಮಾಡೆಲ್‌ಗಳನ್ನು ಒಂದೇ ರೀತಿ ಪರೀಕ್ಷಿಸಿದ್ದಾರೆಯೇ? ಬರೆದವರಿಗೆ ಮಾರಾಟದಿಂದ ಲಾಭವಿದೆಯೇ? ಇವುಗಳಿಗೆ ಉತ್ತರವಿಲ್ಲದೆ “ಮೋಸ”, “ಡಬ್ಬಾ”, “ಲೂಟಿ” ಎಂಬ ಪದಗಳೇ ತುಂಬಿದ್ದರೆ ಆ ಸಂದೇಶದಲ್ಲಿ ಯಂತ್ರದ ಬಗ್ಗೆ ಮಾಹಿತಿ ಇಲ್ಲ ಎಂದೇ ಅರ್ಥ.

ಯಾವುದೇ ಮಾಡೆಲ್ “ಉಬ್ಬಸ ಗುಣಪಡಿಸುತ್ತದೆ” ಎಂದು ಸಂದೇಶದಲ್ಲಿದ್ದರೆ ಅದನ್ನಂತೂ ಮುಂದೆ ಕಳಿಸಬೇಡಿ. ಏರ್ ಪ್ಯೂರಿಫೈಯರ್ ಗಾಳಿಯಲ್ಲಿನ ಕಣಗಳನ್ನು ಕಡಿಮೆ ಮಾಡುತ್ತದೆ, ಔಷಧದ ಬದಲಿಗೆ ಬರುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಹೆಚ್ಚಾಗುವ ಇಂಗಾಲದ ಡೈಆಕ್ಸೈಡನ್ನೂ ಅದು ತೆಗೆಯುವುದಿಲ್ಲ. ಎ ಆಗಲಿ ಬಿ ಆಗಲಿ, ಹೊರಗಿನ ಗಾಳಿ ಚೆನ್ನಾಗಿರುವ ಹೊತ್ತಿನಲ್ಲಿ ಕಿಟಕಿ ತೆರೆಯುವ ಕೆಲಸ ನಮ್ಮದೇ.